ಪಕ್ಷದಲ್ಲಿ ಮೈಸೂರಿಗೆ

ದಸರಾ ಎಂದರೆ ಊರಿಗೆಲ್ಲ ಹತ್ತು ದಿನದ ಹಬ್ಬ. ಬೆಂಗಳೂರಿನ ರಾಮಮೂರ್ತಿ ನಗರದ ಸುಕನ್ಯಳಿಗೆ ಮಾತ್ರ ಅದು ಹತ್ತು ದಿನದ ಬೆನ್ನುನೋವು. ಹಬ್ಬ ಹತ್ತಿರವಾದ ಹಾಗೆ ಅವಳ ಹತ್ತಡಿಯ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಪೀಸುಗಳ ಗಂಟು ಸೊಂಟದೆತ್ತರ ಏರುತ್ತಿತ್ತು. ಪ್ರತಿಯೊಂದು ಗಂಟಿನ ಒಡತಿಯೂ "ನನ್ನದೊಂದನ್ನ ಮೊದಲು ಕೊಟ್ಬಿಡಿ ಸುಕನ್ಯಾ" ಎಂದೇ ಹೇಳಿ ಹೋಗಿರುತ್ತಿದ್ದಳು. ಎಲ್ಲರದ್ದನ್ನೂ ಮೊದಲು ಕೊಡುವುದು ಹೇಗೆ ಎಂದು ಕೇಳಿದರೆ ಅವರಿಗೆ ಕೋಪ ಬರುತ್ತಿತ್ತು.

ಇಂಥ ಹೊತ್ತಿನಲ್ಲೇ ಅವಳ ಅತ್ತೆ ಜಟ್ಟೆಮ್ಮನಿಗೆ ಮೈಸೂರಿನ ಅಂಬಾರಿ ನೆನಪಾಗುತ್ತಿತ್ತು. ಒಂದು ವರ್ಷವಲ್ಲ ಎರಡು ವರ್ಷವಲ್ಲ, ಸುಕನ್ಯ ಸೊಸೆಯಾಗಿ ಬಂದ ಇಪ್ಪತ್ತಮೂರು ವರ್ಷದಿಂದಲೂ ಇದೇ ಪಾಠ. ವಿಜಯದಶಮಿಯ ದಿನ ಟಿ.ವಿ. ಮುಂದೆ ಕುಳಿತು ಆನೆಯ ಮೇಲಿನ ಚಿನ್ನದ ಅಂಬಾರಿಗೆ ಕೈಮುಗಿದು, "ಒಂದ್ ದಪ ಕಣ್ಣಾರೆ ನೋಡಿದ್ರೆ ಸಾಕಾಗಿತ್ತು" ಎಂದು ಸೊಸೆಗೆ ಕೇಳುವ ಹಾಗೆ ಗೋಡೆಗೆ ಹೇಳುವುದು. ಜಟ್ಟೆಮ್ಮನ ಮಗ ಮುನೀಂದ್ರ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಅವನ ಹೂಂಗಳನ್ನು ನಂಬಿಕೊಂಡಿದ್ದರೆ ಈ ಮನೆಯಲ್ಲಿ ಅಕ್ಕಿಯೂ ಬೇಯುತ್ತಿರಲಿಲ್ಲ.

ಹೋದ ವರ್ಷ ಸುಕನ್ಯ ಸೋತು ಹೊರಟೇಬಿಟ್ಟಿದ್ದಳು. ಎದುರು ಮನೆಯ ಯಮುನಾ ಪ್ರತಿ ವರ್ಷ ಬೀದಿಯ ಹೆಂಗಸರನ್ನೆಲ್ಲ ಕೂಡಿಸಿ ಟೆಂಪೋ ಟ್ರಾವೆಲರ್ ಮಾಡಿಸುತ್ತಾಳೆ. ಅದನ್ನು ಓಡಿಸುವವನು ಶಿವಾಜಿನಗರದ ಚಾಂದ್ ಪಾಷಾ. "ಮಾಮೂಲಿ ದಿನಕ್ಕಿಂತ ಡಬಲ್ ಆಗ್ತದೆ ಅಕ್ಕ, ನಾನ್ ಏನ್ ಮಾಡ್ಲಿ, ಆವತ್ತು ಎಲ್ಲಾರೂ ಡಬಲ್" ಎಂದು ಅವನು ಮೊದಲೇ ಹೇಳಿದ್ದ. ಉಳಿದುಕೊಳ್ಳಲು ರೂಮು ಕೇಳಿದರೆ, ಸಾವಿರದಿನ್ನೂರರ ರೂಮಿಗೆ ಐದು ಸಾವಿರ ಹೇಳಿದ್ದರು. ಹಾಗಾಗಿ ಬೆಳಗ್ಗೆ ಹೋಗಿ ಅಂದೇ ಹಿಂದಿರುಗುವುದೆಂದು ಮಾತಾಯಿತು.

ಆ ದಿನದ ವಿಷಯ ಬಂದರೆ ಸುಕನ್ಯಳಿಗೆ ಈಗಲೂ ಮೈ ಉರಿಯುತ್ತದೆ. ಊರು ಇನ್ನೂ ದೂರವಿರುವಾಗಲೇ ಪೊಲೀಸರು ಗಾಡಿಯನ್ನು ಯಾವುದೋ ಮೈದಾನಕ್ಕೆ ತಿರುಗಿಸಿದರು. ಅಲ್ಲಿಂದ ಎಪ್ಪತ್ತಾರರ ಮುದುಕಿಯನ್ನು ಎರಡು ಮೈಲಿ ನಡೆಸಿಕೊಂಡು ಹೋಗಿ, ಸಯ್ಯಾಜಿ ರಾವ್ ರಸ್ತೆಯ ಒಂದು ಬಳೆ ಅಂಗಡಿಯ ಮುಂದೆ ಹತ್ತು ಗಂಟೆಗೇ ಪೇಪರ್ ಹಾಸಿ ಕೂರಿಸಿದ್ದಾಯಿತು. ಅಂಗಡಿ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಆಗಲೇ ಜನ. ಬಿಸಿಲು ನೆತ್ತಿಗೇರಿದರೂ ಜಟ್ಟೆಮ್ಮ ಗುಟುಕು ನೀರು ಕುಡಿಯಲಿಲ್ಲ, ಕುಡಿದರೆ ಹೋಗುವುದೆಲ್ಲಿಗೆ ಎಂಬ ಭಯ. ಸಂಜೆ ಐದರ ಹೊತ್ತಿಗೆ "ಬಂತು, ಬಂತು" ಎಂಬ ಕೂಗೆದ್ದಿತು. ಕುಳಿತವರೆಲ್ಲ ಎದ್ದು ನಿಂತರು, ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದರು, ಮಕ್ಕಳಿದ್ದವರು ಮಕ್ಕಳನ್ನು ಹೆಗಲಿಗೇರಿಸಿಕೊಂಡರು. ಜಟ್ಟೆಮ್ಮನನ್ನು ಹೆಗಲಿಗೇರಿಸಿಕೊಳ್ಳುವವರು ಯಾರೂ ಇರಲಿಲ್ಲ.

ಮನೆ ಸೇರಿದಾಗ ಬೆಳಗಿನ ಹಾಲಿನ ಗಾಡಿ ಬಂದಿತ್ತು. ಜಟ್ಟೆಮ್ಮನ ಕಾಲು ಬಾತು ವಾರದ ತನಕ ಇಳಿಯಲಿಲ್ಲ. "ಮುಂದೆ ನಿಂತಿದ್ದೋನ ಚೌಕಳಿ ಅಂಗಿ ನೋಡ್ಕಂಡ್ ಬಂದೆ" ಎಂದು ಬಂದವರಿಗೆಲ್ಲ ಹೇಳಿದಳು. ಆದರೆ ಅದೇ ಬಾಯಲ್ಲಿ, "ಏನ್ ಜನ ಅಂತೀಯ, ಏನ್ ವಾದ್ಯ, ಮೈ ಜುಮ್ ಅಂತಿತ್ತು" ಎಂದೂ ಹೇಳಿದಳು. ಈ ಎರಡನೆಯ ಮಾತನ್ನು ಕೇಳಿದಾಗ ಸುಕನ್ಯ ಅಡುಗೆಮನೆಯಲ್ಲಿ ಸೌಟನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಈ ವರ್ಷ ವಿಷಯ ಬೇರೆಯಾಯಿತು. ಆಷಾಢದಲ್ಲಿ ಜಟ್ಟೆಮ್ಮ ಬಾಗಿಲ ಚೌಕಟ್ಟಿಗೆ ಎರಡು ಸಲ ಭುಜ ತಾಗಿಸಿಕೊಂಡಳೆಂದು ಹಲಸೂರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ಪಕ್ಕದ ನೋಟ ಆಗಲೇ ಹೋಗಿದೆ, ನಡುವಿನದಷ್ಟೇ ಉಳಿದಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಎಷ್ಟು ದಿನ ಉಳಿಯುತ್ತದೆ ಎಂದು ಸುಕನ್ಯ ಕೇಳಿದಳು. ಅವರು ಹನಿಯ ಹೆಸರನ್ನು ಇನ್ನೊಮ್ಮೆ ಬರೆದುಕೊಟ್ಟರು.

ಮನೆಯ ಮುಂದೆ ಆಟೋ ನಿಂತಿತು. ಇಳಿದ ಮೇಲೆ ಜಟ್ಟೆಮ್ಮ ಇಷ್ಟೇ ಅಂದಳು, "ಕಣ್ಣಿರೋವಾಗ್ಲೇ ಒಂದ್ಸಾರಿ."

ಈಗ ಮುಂದೂಡುವ ಹಾಗಿರಲಿಲ್ಲ. ಸುಕನ್ಯ ಕ್ಯಾಲೆಂಡರ್ ಇಳಿಸಿಕೊಂಡು ಕುಳಿತಳು. ವಿಜಯದಶಮಿ ಎಂದರೆ ಮತ್ತೆ ಚೌಕಳಿ ಅಂಗಿ. ನವರಾತ್ರಿಯ ನಡುವೆ ಹೋದರೆ ದೀಪಾಲಂಕಾರ ನೋಡಬಹುದು, ಅಂಬಾರಿ ಇರುವುದಿಲ್ಲ, ಮತ್ತು ಆ ದಿನಗಳಲ್ಲಿ ಅಂಗಡಿ ಮುಚ್ಚಿದರೆ ಗಿರಾಕಿಗಳು ಮನೆ ಬಾಗಿಲಿಗೇ ಬರುತ್ತಾರೆ. ಯಮುನಾಳನ್ನು ಕೇಳಿದರೆ ಅವಳದ್ದು ಒಂದೇ ಹಾಡು. "ಜನ ಇದ್ರೆ ತಾನೇ ದಸರಾ ಕಣೇ? ಖಾಲಿ ರೋಡ್ ನೋಡಕ್ಕೆ ಮೈಸೂರ್ ತನಕ ಯಾಕ್ ಹೋಗ್ಬೇಕು?"

ಕೊನೆಗೆ ಚಾಂದ್ ಪಾಷಾನಿಗೆ ಫೋನ್ ಮಾಡಿದಳು. ಹದಿನೈದು ವರ್ಷದಿಂದ ದಸರಾಕ್ಕೆ ಗಾಡಿ ಓಡಿಸಿದವನು, ಒಂದು ಸಲವೂ ಅಂಬಾರಿ ನೋಡದವನು. ಗಾಡಿ ಬಿಟ್ಟು ಬರುವ ಹಾಗಿರುವುದಿಲ್ಲವಲ್ಲ.

"ಅಕ್ಕ, ನಾನ್ ಒಂದ್ ಹೇಳ್ತೀನಿ ಕೇಳಿ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಹೋಗ್ಬಿಡಿ. ಆನೆಗಳಿಗೆ ಡೈಲಿ ತಾಲೀಮು ಇರ್ತದೆ. ಅದೇ ಅರಮನೆ, ಅದೇ ರೋಡು, ಬನ್ನಿಮಂಟಪದ ತನಕ ನಡೀತವೆ. ಲಾಸ್ಟ್ ಲಾಸ್ಟಿಗೆ ಮರದ ಅಂಬಾರಿ ಕಟ್ತಾರೆ, ಒಳಗೆ ಮರಳು ಮೂಟೆ. ಒರಿಜಿನಲ್ ತೂಕ ಅಭ್ಯಾಸ ಆಗ್ಲಿ ಅಂತ. ಜನಾನೇ ಇರಲ್ಲ. ನನ್ ಕಾರಲ್ಲೇ ಹೋಗೋಣ, ಮಾಮೂಲಿ ರೇಟು."

ಸುಕನ್ಯಳಿಗೆ ಬೆಳಕು ಕಂಡಂತಾಯಿತು. ಲೆಕ್ಕ ಹಾಕಿದರೆ ಆ ದಿನಗಳು ಪಿತೃಪಕ್ಷದಲ್ಲಿ ಬೀಳುತ್ತಿದ್ದವು. ಪಕ್ಷದ ಹದಿನೈದು ದಿನ ಯಾರೂ ಹೊಸ ಬಟ್ಟೆ ತರುವುದಿಲ್ಲ, ಹೊಲಿಯಲು ಕೊಡುವುದಿಲ್ಲ, ವರ್ಷದಲ್ಲಿ ಅವಳ ಅಂಗಡಿ ನೊಣ ಹೊಡೆಯುವುದು ಆಗ ಮಾತ್ರ. ಮಂಗಳವಾರ ಹೇಗಿದ್ದರೂ ವಾರದ ರಜೆ. ಇಷ್ಟು ಸಲೀಸಾಗಿ ಕೂಡಿಬಂದದ್ದೇ ಅವಳಿಗೆ ಅನುಮಾನ ಬರಿಸಬೇಕಿತ್ತು.

"ಪಕ್ಷದಾಗಾ?" ಎಂದಳು ಜಟ್ಟೆಮ್ಮ. ಕೈಯಲ್ಲಿದ್ದ ಅವರೆಕಾಳು ಮೊರಕ್ಕೆ ಬಿದ್ದವು. "ನಿಮ್ಮಾವಂಗೆ ಎಡೆ ಇಕ್ಕಬೇಕಾಗಿರೋ ಟೈಮ್ನಾಗೆ ತಾಯಿ ದರ್ಶನಕ್ಕೆ ಹೊಂಡಾನಾ? ಯಾರಾನಾ ಕೇಳಿದ್ರೆ ಉಗೀತಾರೆ."

"ಎಡೆ ಇಡೋದು ಅಮಾವಾಸ್ಯೆ ದಿನ ಅಲ್ವಾ ಅತ್ತೆ? ಅದಿನ್ನೂ ಭಾನುವಾರ. ನಾವು ಹೋಗೋದು ಅದರ ಹಿಂದಿನ ಮಂಗಳವಾರ."

"ಒಳ್ಳೇ ಕೆಲಸ ಯಾವುದೂ ಪಕ್ಷದಾಗೆ ಮಾಡಲ್ಲ ನಾನು. ನಿನ್ ಮದ್ವೇನೂ ಪಕ್ಷ ಕಳೀಲಿ ಅಂತ್ಲೇ ಮುಂದಕ್ಕಾಕಿಸಿದ್ದು."

ಅಲ್ಲಿಗೆ ಮುಗಿಯಿತು. ನಾಲ್ಕು ದಿನ ಅತ್ತೆಸೊಸೆ ಅಗತ್ಯವಿದ್ದಷ್ಟೇ ಮಾತಾಡಿದರು. ಜನವಿದ್ದ ದಿನ ಬೇಡವೆಂದರೆ ಹಬ್ಬವಿಲ್ಲ, ಜನವಿಲ್ಲದ ದಿನವೆಂದರೆ ಪಕ್ಷ, ಎರಡೂ ಅಲ್ಲದ ದಿನ ಬ್ಲೌಸು. ಮುನೀಂದ್ರನನ್ನು ಕೇಳಿದಳು. ಅವನು "ಹೂಂ" ಎಂದ.

ಗಂಟು ಬಿಡಿಸಿದವನು ಚಾಂದ್ ಪಾಷಾನೇ. ಯಾವುದೋ ಬಾಡಿಗೆಗೆ ಈ ಕಡೆ ಬಂದವನು ಮನೆಗೆ ಬಂದು, ಚಾ ಲೋಟ ಹಿಡಿದು ಜಟ್ಟೆಮ್ಮನ ಎದುರು ಕುಳಿತ.

"ಅಮ್ಮಾ, ಅದ್ರಲ್ಲಿ ದೇವ್ರು ಕೂತಿರಲ್ಲ. ಮರಳು ಮೂಟೆ. ಅಂಬಾರೀನೂ ಮರದ್ದು. ನೀವ್ ಹೋಗೋದು ದರ್ಶನಕ್ಕಲ್ಲ, ಆನೆ ನೋಡಕ್ಕೆ. ಆನೆ ನೋಡಕ್ಕೆ ಯಾವ್ ಪಕ್ಷ?"

ಸಾಬರ ಹುಡುಗನ ಬಾಯಲ್ಲಿ ಪಕ್ಷದ ನ್ಯಾಯ ಕೇಳುವಂತಾಯಿತಲ್ಲ ಎಂದು ಜಟ್ಟೆಮ್ಮ ಗೊಣಗಿದಳು. ಆದರೂ ಆ ನ್ಯಾಯದಲ್ಲಿ ಅವಳಿಗೆ ತೂತು ಸಿಗಲಿಲ್ಲ. ಷರತ್ತು ಮಾತ್ರ ಹಾಕಿದಳು. ಹೊಸ ಸೀರೆ ಉಡುವುದಿಲ್ಲ, ಬೆಟ್ಟ ಹತ್ತುವುದಿಲ್ಲ, ಯಾವ ಗುಡಿಗೂ ಕಾಲಿಡುವುದಿಲ್ಲ.

ಮಂಗಳವಾರ ಬೆಳಗ್ಗೆ ಆರಕ್ಕೆ ಹೊರಟರು. ಚಾಂದ್ ಪಾಷಾ, ಸುಕನ್ಯ, ಜಟ್ಟೆಮ್ಮ, ಒಂದು ಚೀಲ ಚಿತ್ರಾನ್ನ, ಕಣ್ಣಿನ ಹನಿ. ಮರದ ಅಂಬಾರಿ ಕಟ್ಟುವ ತಾಲೀಮು ಸಂಜೆಗೆ, ಹಗಲೆಲ್ಲ ಊರು ಸುತ್ತಿಸಬಹುದು ಎಂಬುದು ಸುಕನ್ಯಳ ಯೋಜನೆ. ಮೊದಲು ಮೃಗಾಲಯ. ಗೇಟಿನ ಮುಂದೆ ಕಾರು ನಿಂತಾಗ ಗೇಟಿಗೆ ಬೀಗ ಕಂಡಿತು. ಮಂಗಳವಾರ ರಜೆ.

"ಥೂ, ನನ್ ತಲೇಲಿರ್ಲೇ ಇಲ್ಲ ಅಕ್ಕ," ಎಂದು ಚಾಂದ್ ಪಾಷಾ ಹಣೆ ಚಚ್ಚಿಕೊಂಡ. "ನಾನ್ ಬರೋದೆಲ್ಲ ದಸರಾದಲ್ಲೇ ಅಲ್ವಾ, ಆವಾಗ ಮಂಗಳವಾರಾನೂ ತೆಗ್ದಿರ್ತಾರೆ."

ಸುಕನ್ಯಳಿಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ತನಗೆ ರಜೆಯಾದ ದಿನ ಹುಲಿಸಿಂಹಗಳಿಗೂ ರಜೆ ಇದ್ದೀತೆಂದು ಅವಳು ಯೋಚಿಸಿಯೇ ಇರಲಿಲ್ಲ. ಅರಮನೆಗೆ ಹೋದರು. ಸಾಲಿಲ್ಲ, ನೂಕಿಲ್ಲ, ಒಳಗೆ ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಜಟ್ಟೆಮ್ಮ ಕಂಬಗಳನ್ನು ಒಂದೊಂದಾಗಿ ನೋಡಿ, "ದೀಪ ಇಲ್ಲದೆ ಏನ್ ಚೆಂದ?" ಎಂದಳು. ಹೊರಗೆ ರಸ್ತೆಯಲ್ಲಿ ಏಣಿ ಹಾಕಿಕೊಂಡು ಬಲ್ಬುಗಳ ಸರ ಕಟ್ಟುತ್ತಿದ್ದರು. ವೃತ್ತಗಳಲ್ಲಿ ಬರೀ ಬಿದಿರ ಗಳಗಳು ನಿಂತಿದ್ದವು. ಊಟದ ಹೋಟೆಲಿನಲ್ಲಿ ಕುಳಿತ ಕೂಡಲೇ ಎಲೆ ಬಂತು, ಬೆಲೆಯೂ ಬೆಂಗಳೂರಿಗಿಂತ ಕಡಿಮೆ.

"ವಾದ್ಯ ಇಲ್ಲ, ಜನ ಇಲ್ಲ," ಎಂದಳು ಜಟ್ಟೆಮ್ಮ, ಹಪ್ಪಳ ಮುರಿಯುತ್ತ. "ಮದ್ವೆಗ್ ಬಂದು ಚಪ್ಪರ ಹಾಕೋದ್ ನೋಡ್ಕಂಡ್ ಹೋದಂಗಾಯ್ತು."

"ಜನ ಇದ್ದಾಗ ಏನ್ ನೋಡಿದ್ರಿ ಅತ್ತೆ?" ಎಂದು ಸುಕನ್ಯ ತಡೆಯಲಾರದೆ ಕೇಳಿಬಿಟ್ಟಳು. "ಅಂಗಿ ನೋಡಿದ್ರಿ."

ಜಟ್ಟೆಮ್ಮ ಹಪ್ಪಳದ ಚೂರುಗಳನ್ನು ಎಲೆಯಂಚಿಗೆ ಸರಿಸಿದಳು. ಚಾಂದ್ ಪಾಷಾ ಮಜ್ಜಿಗೆ ಬೇಕೆಂದು ಎದ್ದು ಹೋದ. ಆ ಮಾತು ಆಡಬಾರದಿತ್ತೆಂದು ಸುಕನ್ಯಳಿಗೆ ಕೂಡಲೇ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾಲ್ಕಕ್ಕೇ ಸಯ್ಯಾಜಿ ರಾವ್ ರಸ್ತೆಗೆ ಬಂದರು. ಕಾರನ್ನು ಪಕ್ಕದ ಬೀದಿಯಲ್ಲೇ ನಿಲ್ಲಿಸಿ ಚಾಂದ್ ಪಾಷಾ ಅದರ ಬಳಿಯೇ ಉಳಿದ. ನೋಡಿದರೆ ಅದೇ ಬಳೆ ಅಂಗಡಿ. ಈ ಸಲ ಬಾಗಿಲು ತೆರೆದಿತ್ತು, ಮೆಟ್ಟಿಲು ಖಾಲಿಯಿತ್ತು. ಅಂಗಡಿಯವರು ಕೇಳದೆಯೇ ಒಳಗಿಂದ ಒಂದು ಸ್ಟೂಲು ತಂದು ರಸ್ತೆಯಂಚಿಗೆ ಹಾಕಿ, "ಕೂತ್ಕೊಳ್ಳಿ ಅಮ್ಮ" ಎಂದರು. ಜಟ್ಟೆಮ್ಮ ಕುಳಿತಳು. ಸುಕನ್ಯ ಅವಳ ಹಿಂದೆ ನಿಂತಳು.

ಐದಾಯಿತು. ಆನೆಯ ಸುಳಿವಿಲ್ಲ. ಬಸ್ಸು, ಸ್ಕೂಟರು, ಟ್ಯೂಷನ್ನಿಗೆ ಹೊರಟ ಮಕ್ಕಳು, ದಿನನಿತ್ಯದ ಸಂಜೆ. ಸುಕನ್ಯ ಟ್ರಾಫಿಕ್ ಪೊಲೀಸನನ್ನು ಕೇಳಿದಳು. "ಬರ್ತವೆ ಮೇಡಂ, ಬರ್ದೇನೂ ಇರ್ಬೋದು. ಮಳೆ ಮೋಡ ಐತಲ್ಲ, ನೋಡ್ಬೇಕು" ಎಂದ. ಚಹಾದವನು, ಮರದ ಅಂಬಾರಿ ಕಟ್ಟಿದ್ದು ನಿನ್ನೆ, ಇವತ್ತು ಕಟ್ಟುತ್ತಾರೋ ಇಲ್ಲವೋ ಎಂದ. ಐದೂಕಾಲಿಗೆ ನಾಲ್ಕು ಹನಿ ಬಿದ್ದು ನಿಂತಿತು. ಸುಕನ್ಯಳ ಸೊಂಟದಲ್ಲಿ ಹಳೆಯ ನೋವು ಏಳತೊಡಗಿತು. ಇಷ್ಟು ದೂರ ಎಳೆದುಕೊಂಡು ಬಂದು ಅತ್ತೆಗೆ ಬಸ್ಸು ತೋರಿಸಿದ ಹಾಗಾಗುತ್ತದಲ್ಲ, ಮುಂದಿನ ವರ್ಷ ಆ ಕಣ್ಣಿಗೆ ಬಸ್ಸೂ ಕಾಣದೇ ಹೋದರೆ? ಅವಳಿಗೆ ಅಳು ಬಂತು, ಅಳುವುದಕ್ಕೂ ಕೋಪ ಬಂತು.

ಐದೂವರೆ ದಾಟಿದ ಮೇಲೆ ಪೊಲೀಸ್ ಜೀಪೊಂದು ಬಸ್ಸುಗಳನ್ನು ಪಕ್ಕಕ್ಕೆ ನಿಲ್ಲಿಸುತ್ತ ಬಂತು. ಅದರ ಹಿಂದೆ, ಯಾವ ಕೂಗೂ ಇಲ್ಲದೆ, ಆನೆಗಳು.

"ಅತ್ತೆ, ಬಂತು. ಎಡಗಡೆ. ಇನ್ನೂ ಎಡಕ್ಕೆ ತಿರುಗಿ."

ಜಟ್ಟೆಮ್ಮ ತಿರುಗಿದಳು. ಅವಳಿಗೆ ಒಂದೇ ಸಲಕ್ಕೆ ಆನೆ ಕಾಣುವಂತಿರಲಿಲ್ಲ. ಮೊದಲು ಕಾಲು ಕಂಡಿತು, ಅಲ್ಲಿಂದ ಕತ್ತೆತ್ತಿ ಹೊಟ್ಟೆಗೆ ಬಿಗಿದ ಹಗ್ಗ, ಆಮೇಲೆ ಕಿವಿ, ಆಮೇಲೆ ಬೆನ್ನು. ಸುಕನ್ಯ ಅವಳ ಗಲ್ಲ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದಳು. ಬೆನ್ನ ಮೇಲೆ ಮರದ ಅಂಬಾರಿ ಕೂತಿತ್ತು. ಮಂಟಪದ ನಡುವೆ, ತಾಯಿ ಕೂರುವ ಜಾಗದಲ್ಲಿ, ಒಂದರ ಮೇಲೊಂದು ಗೋಣಿಚೀಲ. ಆನೆ ಅವರಿಂದ ಹತ್ತಡಿ ದೂರದಲ್ಲಿ ಹಾಯುತ್ತಿತ್ತು, ಅವಸರವಿರಲಿಲ್ಲ. ಮುಂದಿನ ಆನೆ ತಡೆದದ್ದರಿಂದ ಅದು ಅಂಗಡಿಯ ಎದುರಿಗೇ ಒಂದು ಗಳಿಗೆ ನಿಂತಿತು. ಮಾವುತ ಏನೋ ಹೇಳಿದ. ಅದು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿತು.

ಜಟ್ಟೆಮ್ಮ ಕೂತಲ್ಲೇ ಎರಡೂ ಕೈ ಮುಗಿದಳು.

ಸುಕನ್ಯಳಿಗೆ ಗಾಬರಿಯಾಯಿತು. ಇಷ್ಟೆಲ್ಲ ನ್ಯಾಯ ಮಾಡಿ ಕರೆತಂದದ್ದು, ಕೊನೆಗೆ ಪಕ್ಷದಲ್ಲಿ ಕೈ ಮುಗಿದೆನೆಂದು ವರ್ಷವಿಡೀ ಕೊರಗಿದರೆ?

"ಅತ್ತೆ, ಅದ್ರಲ್ಲಿ ದೇವ್ರಿಲ್ಲ. ಮರಳು ಮೂಟೆ."

"ಕಾಣ್ತೈತೆ ನಂಗೆ," ಎಂದಳು ಜಟ್ಟೆಮ್ಮ. "ಹೊತ್ಕಂಡಿರೋದಕ್ಕೆ ಮುಗ್ದೆ."

ಆನೆ ಹೊರಟಿತು. ಹಿಂದೆ ಇನ್ನೂ ನಾಲ್ಕೈದು ಬಂದವು, ಬರಿಬೆನ್ನಿನವು. ಅರಣ್ಯ ಇಲಾಖೆಯ ಜೀಪು ಹೋಯಿತು. ಬಸ್ಸುಗಳು ಹಾರನ್ ಹೊಡೆದವು. ಎಲ್ಲ ಸೇರಿ ಐದು ನಿಮಿಷ.

"ದಿನಾ ಹಿಂಗೇ ಹೊರ್ತೈತಾ?" ಎಂದು ಜಟ್ಟೆಮ್ಮ ಅಂಗಡಿಯವರನ್ನು ಕೇಳಿದಳು.

"ಆನೆ ಬದಲಾಯಿಸ್ತಾರೆ ಅಮ್ಮ. ಮರದ್ದು ಕಟ್ಟೋ ಮುಂಚೆ ಬರೀ ಮೂಟೆ, ದಿನದಿನಕ್ಕೂ ತೂಕ ಹೆಚ್ಚಿಸ್ತಾರೆ. ತಿಂಗಳಿಂದ ನಡೀತಿದೆ."

"ತಾಯಿ ಕೂರೋದು ಒಂದಿನ," ಎಂದಳು ಜಟ್ಟೆಮ್ಮ. "ಮಿಕ್ಕಿದ್ ದಿನ ಯಾರೂ ನೋಡಲ್ಲ."

ಸುಕನ್ಯ ಚೀಲ ಎತ್ತಿಕೊಳ್ಳಲು ಬಗ್ಗಿದಳು. ಬಗ್ಗುವಾಗ ಒಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದು ಇಪ್ಪತ್ತು ವರ್ಷದ ಅಭ್ಯಾಸ, ಅವಳಿಗೇ ಗೊತ್ತಾಗುತ್ತಿರಲಿಲ್ಲ. ತಲೆ ಎತ್ತಿದಾಗ ಜಟ್ಟೆಮ್ಮ ಅವಳತ್ತಲೇ ತಿರುಗಿದ್ದಳು. ಆನೆಯನ್ನು ನೋಡಿದ ಹಾಗೆಯೇ ನೋಡುತ್ತಿದ್ದಳು. ಕಾಲಿನಿಂದ ಶುರುಮಾಡಿ, ಸೊಂಟದ ಮೇಲಿನ ಕೈ, ಭುಜ, ಆಮೇಲೆ ಮುಖ. ಮುಖದ ಮೇಲೆ ನೋಟ ಸ್ವಲ್ಪ ಹೊತ್ತು ನಿಂತಿತು.

ಜಟ್ಟೆಮ್ಮ ಮೊಣಕಾಲಿಗೆ ಕೈ ಊರಿ ಎದ್ದು, ಸ್ಟೂಲನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದಳು.

"ಕೂತ್ಕೋ."

"ಬೇಡ ಅತ್ತೆ, ಹೊರಡೋಣ. ಚಾಂದ್ ಭಾಯ್ ಕಾಯ್ತಿದ್ದಾರೆ. ಈಗ ಬಿಟ್ರೆ ಹನ್ನೊಂದರೊಳಗೆ..."

"ಕಾಯ್ಲಿ. ನಾಲ್ಕು ಗಂಟೆಯಿಂದ ನಿಂತಿದೀಯ. ಕೂತ್ಕೋ ಅಂದೆ."

ಸುಕನ್ಯ ಕುಳಿತಳು. ಕುಳಿತ ಮೇಲೆ ಏನು ಮಾಡಬೇಕೆಂದು ತೋಚದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅದನ್ನೂ ಅತ್ತೆ ತೆಗೆದುಕೊಂಡಳು.